ಅಟ್ಟದಿಂದ ಇಳಿಸಿದ ತೂಗುದೀಪ ಯಾವ ಜಾತಿಯದು? ಬತ್ತಿ, ಹಿತ್ತಾಳೆ, ಗಾಜು ನೋಡಿ ಗುರುತಿಸಿ

ಹಳೆಯ ಮನೆಯ ಅಟ್ಟದಲ್ಲಿ ಸಿಕ್ಕ ಸೀಮೆಎಣ್ಣೆ ದೀಪವನ್ನು ತೋರಿಸಿ "ಇದು ಇನ್ನೂರು ವರ್ಷದ್ದು" ಅನ್ನುವವರು ಜಾಸ್ತಿ. ಅದು ಸಾಧ್ಯವೇ ಇಲ್ಲ. ಸೀಮೆಎಣ್ಣೆಯ ದೀಪ ಬಳಕೆಗೆ ಬಂದದ್ದೇ 1850ರ ದಶಕದಲ್ಲಿ. ಹಾಗಾಗಿ ವಯಸ್ಸಿನ ಮಾತಿಗೆ ಹೋಗುವ ಮೊದಲು ಕೇಳಬೇಕಾದ ಪ್ರಶ್ನೆ: ಈ ದೀಪ ಉರಿಯುತ್ತಿದ್ದದ್ದು ಯಾವ ಎಣ್ಣೆಯಲ್ಲಿ?

ಎಣ್ಣೆ ಎಲ್ಲಿದೆ, ಉರಿ ಎಲ್ಲಿದೆ?

ಹರಳೆಣ್ಣೆ, ಹೊಂಗೆ ಎಣ್ಣೆ ಮಂದ. ಬತ್ತಿ ಹಿಡಿದು ಎತ್ತರಕ್ಕೆ ಏರುವುದಿಲ್ಲ. ಅದಕ್ಕೇ ನಮ್ಮ ದೇವರ ಮನೆಯ ತೂಗುದೀಪಗಳಲ್ಲಿ ಬಟ್ಟಲು ಅಗಲ, ಆಳ ಕಡಿಮೆ, ಬತ್ತಿಯ ತುದಿ ಎಣ್ಣೆಯ ಮಟ್ಟದ ಪಕ್ಕದಲ್ಲೇ. ಗಾಜಿನ ಹಂಗಿಲ್ಲ. ಸೀಮೆಎಣ್ಣೆ ತೆಳು, ಬತ್ತಿಯಲ್ಲಿ ಸಲೀಸಾಗಿ ಮೇಲೇರುತ್ತದೆ. ಆದ್ದರಿಂದ ಮುಚ್ಚಿದ ಎಣ್ಣೆ ಬುರುಡೆ ಕೆಳಗೆ, ಅದರ ಮೇಲೆ ಬರ್ನರ್, ಉರಿ ಇನ್ನೂ ಮೇಲೆ. ಆದರೆ ಅದು ತೆರೆದ ಗಾಳಿಯಲ್ಲಿ ಉರಿದರೆ ಹೊಗೆ ಕಾರುತ್ತದೆ. ಗಾಜಿನ ಚಿಮಣಿ ಇರುವುದು ಗಾಳಿ ತಡೆಯುವುದಕ್ಕೆ ಮಾತ್ರ ಅಲ್ಲ, ಕೆಳಗಿನಿಂದ ಗಾಳಿಯನ್ನು ಜೋರಾಗಿ ಎಳೆದು ಉರಿಗೆ ಕೊಡುವುದಕ್ಕೆ. ಈ ಒಂದು ಸಂಗತಿ ನೆನಪಿದ್ದರೆ ಮುಂದಿನದೆಲ್ಲ ಸುಲಭ.

ಬತ್ತಿಯ ಬಾಯಿ ನೋಡಿ

ಗಾಜು ತೆಗೆದಿಟ್ಟು ಬರ್ನರನ್ನು ಮೇಲಿನಿಂದ ನೋಡಿ. ನಮ್ಮ ಕಡೆ ಸಿಗುವ ಬತ್ತಿ ದೀಪಗಳಲ್ಲಿ ಹೆಚ್ಚಿನವು ನಾಲ್ಕು ಬಗೆಯವು.

ಒಂದೇ ಒಂದು ಉದ್ದನೆಯ ಸೀಳು ಇದ್ದರೆ ಅದು ಚಪ್ಪಟೆ ಬತ್ತಿಯ ದೀಪ. ಲಾಂದ್ರ, ಗೋಡೆ ದೀಪ, ಅಗ್ಗದ ಮೇಜಿನ ದೀಪಗಳೆಲ್ಲ ಈ ಗುಂಪಿಗೆ ಸೇರುತ್ತವೆ. ಇಲ್ಲಿ ಬತ್ತಿಯಿಂದ ಹೆಚ್ಚೇನೂ ತಿಳಿಯುವುದಿಲ್ಲ.

ಅಕ್ಕಪಕ್ಕ ಎರಡು ಸೀಳು, ಎರಡು ತಿರುಗುಣಿ ಇದ್ದರೆ ಅದು ಡ್ಯೂಪ್ಲೆಕ್ಸ್. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂನ ಹಿಂಕ್ಸ್ 1865ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಹಲವು ಡ್ಯೂಪ್ಲೆಕ್ಸ್‌ಗಳ ಪಕ್ಕದಲ್ಲಿ ಒಂದು ಪುಟ್ಟ ಸನ್ನೆಯೂ ಇರುತ್ತದೆ. ಅದನ್ನು ಒತ್ತಿದರೆ ಎರಡೂ ಬತ್ತಿಗಳ ಮೇಲೆ ತಗಡಿನ ಮುಚ್ಚಳ ಎದ್ದು ದೀಪ ಆರುತ್ತದೆ. ಊದುವ ಕೆಲಸವಿಲ್ಲ.

ಬಾಯಿ ದುಂಡಗಿದ್ದರೆ ಅವಸರ ಬೇಡ. ಇಲ್ಲಿ ಎರಡು ಬೇರೆ ಜಾತಿಗಳಿವೆ. ಬರ್ನರ್ ಕಳಚಿ ಬತ್ತಿಯನ್ನು ಎಳೆದು ನೋಡಿ. ಕೆಳಗೆ ಅಗಲವಾದ ಪಟ್ಟಿಯ ಹಾಗಿದ್ದು, ಮೇಲೆ ಹೋಗುತ್ತ ಮಡಚಿ ಕೊಳವೆಯಾಗುತ್ತಿದ್ದರೆ ಅದು ಕಾಸ್ಮೋಸ್ ಮಾದರಿ. ಬರ್ಲಿನ್ನಿನ ವೈಲ್ಡ್ ಅಂಡ್ ವೆಸೆಲ್ ಕಂಪನಿ 1865ರಲ್ಲಿ ತಂದದ್ದು. ಬರ್ನರಿನ ಕೆಳಭಾಗದಲ್ಲಿ, ಬತ್ತಿಯ ಎರಡು ಅಂಚು ಸೇರುವ ಜಾಗದ ಕೆಳಗೆ, ಒಂದು ಕಿಂಡಿ ಇರುತ್ತದೆ. ಗಾಳಿ ಅಲ್ಲಿಂದ ಒಳಗೆ ನುಗ್ಗಿ ಉರಿಯ ನಡುವಿಗೆ ಬರುತ್ತದೆ.

ಅದಲ್ಲದೆ ಬತ್ತಿಯೇ ಕೊಳವೆಯಾಗಿ ನೇಯ್ದದ್ದಾಗಿದ್ದರೆ ದೀಪವನ್ನು ಮೇಲೆತ್ತಿ ತಳ ನೋಡಿ. ಎಣ್ಣೆ ಬುರುಡೆಯ ನಟ್ಟನಡುವೆ ಆರಪಾರ ರಂಧ್ರವಿದ್ದು, ಮೇಲಿನ ಬೆಳಕು ಕೆಳಗೆ ಕಂಡರೆ ಅದು ನಡುಗಾಳಿಯ ದೀಪ, ಸೆಂಟ್ರಲ್ ಡ್ರಾಫ್ಟ್. ಇದರ ಬತ್ತಿಯ ನಡುವೆ ತೂತುತೂತಾದ ಒಂದು ಲೋಹದ ಟೋಪಿ ಇರಬೇಕು. ಅದು ಕಳೆದುಹೋಗಿದ್ದರೆ ದೀಪ ಹೊಗೆ ಬಿಡುತ್ತದೆ. ಕೊಳ್ಳುವ ಮೊದಲು ಇದನ್ನು ತಪ್ಪದೆ ನೋಡಿ.

ಗಾಜನ್ನು ಕೊನೆಗೆ ನಂಬಿ

ಚಿಮಣಿ ನೋಡಿ ದೀಪದ ವಯಸ್ಸು ಹೇಳಬೇಡಿ. ದೀಪದಲ್ಲಿ ಮೊದಲು ಒಡೆಯುವುದು ಅದೇ. ನಿಮ್ಮ ಕೈಯಲ್ಲಿರುವುದು ಎಷ್ಟನೆಯ ಗಾಜೋ ಯಾರಿಗೂ ತಿಳಿಯದು. ಆದರೆ ಆಕಾರ ಮಾತ್ರ ಸುಳ್ಳು ಹೇಳುವುದಿಲ್ಲ. ಡ್ಯೂಪ್ಲೆಕ್ಸಿಗೆ ಎರಡು ಉರಿ ಅಗಲಕ್ಕೆ ಹರಡುವುದರಿಂದ ಬುಡದ ಮೇಲೆ ಅಂಡಾಕಾರವಾಗಿ ಉಬ್ಬಿದ ಚಿಮಣಿ ಬೇಕು. ಬುಡದ ಅಡ್ಡಳತೆ ಸುಮಾರು ಎರಡೂವರೆ ಇಂಚು. ಕಾಸ್ಮೋಸಿಗೆ ಸಣಕಲು, ಉದ್ದನೆಯ ಚಿಮಣಿ. ಬತ್ತಿಯ ಬಾಯಿಗಿಂತ ತುಸು ಮೇಲೆ ಅದು ಥಟ್ಟನೆ ಕಿರಿದಾಗುತ್ತದೆ. ಈ ಕತ್ತೇ ಗಾಳಿಯನ್ನು ಉರಿಯ ಮೇಲೆ ಹಿಂಡುವುದು. ಕತ್ತು ತುಂಬ ಮೇಲಿದ್ದರೆ ಉರಿ ಕೆಂಪಗಾಗಿ ಮಸಿ ಹಿಡಿಯುತ್ತದೆ. ಚೆನ್ನಾಗಿ ಕೂತಿದ್ದರೂ ಮಸಿ ಹಿಡಿಯುವ ಗಾಜು ಆ ದೀಪದ್ದಲ್ಲ ಅಂತ ಅನುಮಾನಿಸಬಹುದು.

ಲೋಹ ಹೇಳುವ ಮಾತು

ದಯವಿಟ್ಟು ಹುಣಸೆಹಣ್ಣು ಹಾಕಿ ಉಜ್ಜುವ ಮೊದಲು ಅಕ್ಷರ ಓದಿ. ತಿರುಗುಣಿಯ ಬಿಲ್ಲೆಯ ಮೇಲೆ ಹೆಸರು ಒತ್ತಿರುತ್ತಾರೆ, ಹಳೆಯದಾದಂತೆ ಅದು ಸವೆದಿರುತ್ತದೆ. ಟಾರ್ಚನ್ನು ಓರೆಯಾಗಿ ಹಿಡಿದರೆ ಕಾಣುತ್ತದೆ. "ಮೇಡ್ ಇನ್ ಜರ್ಮನಿ" ಎಂದಿದ್ದರೆ ದೀಪ ಬಹುತೇಕ 1887ರ ನಂತರದ್ದು. ಆ ವರ್ಷ ಬ್ರಿಟನ್ ಮಾಡಿದ ಕಾಯಿದೆಯಿಂದಲೇ ದೇಶದ ಹೆಸರು ಒತ್ತುವ ರೂಢಿ ಬೆಳೆಯಿತು. "ಡಿ.ಆರ್.ಜಿ.ಎಂ." ಅನ್ನುವ ಜರ್ಮನ್ ನೋಂದಣಿ ಗುರುತು 1891ಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ. "ಕಾಸ್ಮೋಸ್" ಎಂಬ ಹೆಸರನ್ನು ಮಾತ್ರ ನೆಚ್ಚಬೇಡಿ. ಅದು ಬರ್ನರಿನ ಮಾದರಿಯ ಹೆಸರಾಗಿಹೋಗಿತ್ತು, ಬೇರೆ ತಯಾರಕರೂ ಬಳಸಿದರು.

ಬರ್ನರಿಗಿಂತ ಹೆಚ್ಚು ನಂಬಬಹುದಾದದ್ದು ಬುರುಡೆಯ ಕೊರಳಿನ ಹಿತ್ತಾಳೆ ಬಳೆ. ಬರ್ನರ್ ಬದಲಾಗುತ್ತದೆ, ಆದರೆ ಗಾಜಿನ ಬುರುಡೆಗೆ ಪ್ಲಾಸ್ಟರಿನಲ್ಲಿ ಕೂರಿಸಿದ ಬಳೆ ಬದಲಾಗುವುದು ಅಪರೂಪ. ಜರ್ಮನಿಯ ದೀಪಗಳಲ್ಲಿ ಸಾಮಾನ್ಯವಾಗಿ ತಿರುಪು ಮರೆ ಇರುತ್ತದೆ. ಇಂಗ್ಲಿಷ್ ಡ್ಯೂಪ್ಲೆಕ್ಸ್‌ಗಳಲ್ಲಿ ಬಹಳಷ್ಟು, ಬಲ್ಬು ಹಾಕುವಂತೆ ಒತ್ತಿ ತುಸು ತಿರುಗಿಸಿದರೆ ಕಚ್ಚಿಕೊಳ್ಳುವ ಬಗೆ. ಬಳೆಗೂ ಬರ್ನರಿಗೂ ನಡುವೆ ಇನ್ನೊಂದು ಬಳೆ ಬೆಸೆದಿದ್ದರೆ ಎರಡು ದೀಪ ಕೂಡಿಸಿದ್ದಾರೆ ಎಂದೇ ತಿಳಿಯಿರಿ. ಕೂಡಿಸು ಗುರುತಿನ ತಲೆಯ ಸ್ಕ್ರೂ ಕಂಡರೂ ಎಚ್ಚರ. ಅದು 1930ರ ದಶಕದಿಂದ ಈಚೆಗಿನದು. ದೀಪವೇ ಹೊಸದಿರಬೇಕು, ಇಲ್ಲವೇ ರಿಪೇರಿ ಆಗಿರಬೇಕು. ಬುರುಡೆಯ ಪಕ್ಕದಲ್ಲಿ ಸಣ್ಣ ತೂತಿದ್ದರೆ ಯಾರೋ ವೈರು ಎಳೆದು ಬಲ್ಬು ಹಾಕಿದ್ದರು. ಅಂಥದ್ದಕ್ಕೆ ಸೀಮೆಎಣ್ಣೆ ತುಂಬಲೇಬೇಡಿ.

ಒಂದು ದೀಪವನ್ನು ಓದೋಣ

ತೀರ್ಥಹಳ್ಳಿ ಕಡೆಯ ಒಂದು ಮನೆಯ ಜಗುಲಿಯಲ್ಲಿದ್ದ ತೂಗುದೀಪ ಇದು. ಹಿತ್ತಾಳೆ ಚೌಕಟ್ಟು, ಮೂರು ಸರಪಳಿ, ಮೇಲೆ ರಾಟೆ, ನಡುವೆ ಭಾರದ ಗುಂಡು. ಗುಂಡು ಮತ್ತು ದೀಪದ ತೂಕ ಸರಿಸಮ ಇದ್ದರೆ ದೀಪವನ್ನು ಎಳೆದಲ್ಲಿ ನಿಲ್ಲಿಸಬಹುದು. ಎಣ್ಣೆ ಹಾಕಲು ಕೆಳಗಿಳಿಸುವ ಉಪಾಯ ಅದು. ಚಿಮಣಿಯ ನೇರ ಮೇಲೆ, ಸೂರಿಗೆ ಮಸಿ ಹಿಡಿಯದಂತೆ ಒಂದು ಕವುಚಿದ ತಟ್ಟೆ. ಮನೆಯವರ ದೂರು ಒಂದೇ: ಹಚ್ಚಿದರೆ ಬರೀ ಹೊಗೆ.

ಬಾಯಿ ದುಂಡಗಿತ್ತು. ಬತ್ತಿ ಕೆಳಗೆ ಪಟ್ಟಿ, ಅಗಲ ಸುಮಾರು 7 ಸೆಂ.ಮೀ. ತಳದಲ್ಲಿ ಆರಪಾರ ರಂಧ್ರವಿಲ್ಲ. ಹಾಗಾದರೆ ಕಾಸ್ಮೋಸ್ ಮಾದರಿ. ಗಾಜು ಕೂರುವ ಹಲ್ಲುಬಳೆಯ ಒಳ ಅಡ್ಡಳತೆ 5.3 ಸೆಂ.ಮೀ. ಇದು 14 ಲೈನ್ ಅಳತೆಗೆ ಹೊಂದುತ್ತದೆ; ಲೈನ್ ಎಂದರೆ ಬರ್ನರಿನ ಗಾತ್ರ ಹೇಳುವ ಹಳೆಯ ಅಳತೆ. ಬಿಲ್ಲೆಯ ಮೇಲೆ "ಮೇಡ್ ಇನ್ ಜರ್ಮನಿ" ಇತ್ತು, ಬೇರೆ ಹೆಸರಿಲ್ಲ. ಕೊರಳ ಬಳೆ ತಿರುಪಿನದು, ನಡುವೆ ಬೆಸುಗೆಯಿಲ್ಲ. ಬುರುಡೆ ಮತ್ತು ಬರ್ನರ್ ಜೊತೆಯಲ್ಲೇ ಬಂದವು ಎನ್ನಬಹುದು. ತಯಾರಕರ ಹೆಸರು ಹೇಳಲಾಗದು, 1887ರ ಈಚಿನ ಜರ್ಮನ್ ಸರಕು ಎಂದಷ್ಟೇ ಹೇಳಬಹುದು.

ಹೊಗೆಯ ಕಾರಣ ಗಾಜಿನಲ್ಲಿತ್ತು. ಯಾರೋ ಚಪ್ಪಟೆ ಬತ್ತಿ ದೀಪದ ಉಬ್ಬು ಚಿಮಣಿಯನ್ನು ಹಲ್ಲುಗಳ ನಡುವೆ ಒತ್ತಿ ಕೂರಿಸಿದ್ದರು. ಅದಕ್ಕೆ ಕತ್ತೇ ಇಲ್ಲ. ಗಾಳಿ ಉರಿಯನ್ನು ಮುಟ್ಟದೆ ಬದಿಯಿಂದಲೇ ಮೇಲೆ ಹೋಗುತ್ತಿತ್ತು. 14 ಲೈನಿನ ಕಾಸ್ಮೋಸ್ ಚಿಮಣಿ ಹಾಕಿ, ಬತ್ತಿಯ ತುದಿಯನ್ನು ಸಮನಾಗಿ ಕತ್ತರಿಸಿದ ಮೇಲೆ ಉರಿ ಬೆಳ್ಳಗೆ ನಿಂತಿತು. ಹೊಸ ಗಾಜು ತರಿಸುವಾಗ ಹಳೆಯ ಗಾಜಿನ ಅಳತೆ ಕೊಡಬೇಡಿ. ಹಲ್ಲುಬಳೆಯ ಒಳ ಅಡ್ಡಳತೆ ಮತ್ತು ಬತ್ತಿಯ ಅಗಲ, ಎರಡನ್ನೂ ಮಿಲಿಮೀಟರಿನಲ್ಲಿ ಬರೆದುಕೊಡಿ.