ಐದು ತಿಂಗಳು ನಡೆದರೂ ಬೆಲ್ಟಿನ ತೂತು ಬದಲಾಗಲಿಲ್ಲ

ನನ್ನ ತೂಕ ಆಗ 84.2 ಕಿಲೋ, ಹೊಕ್ಕುಳ ಮಟ್ಟದಲ್ಲಿ ಸುತ್ತಳತೆ 98 ಸೆಂಟಿಮೀಟರ್. ವಾರಕ್ಕೆ ಐದು ದಿನ, ದಿನಕ್ಕೆ ಮುಕ್ಕಾಲು ಗಂಟೆ ಬಿರುಸಾಗಿ ನಡೆಯಲು ಆರಂಭಿಸಿದೆ. ಮಳೆ ಬಂದ ದಿನ ಟ್ರೆಡ್‌ಮಿಲ್ ಮೇಲೆ, ಉಳಿದ ದಿನ ರಸ್ತೆಯಲ್ಲಿ. ಇಪ್ಪತ್ತು ವಾರ ಒಂದನ್ನೂ ತಪ್ಪಿಸಲಿಲ್ಲ. ಕೊನೆಗೆ ತೂಕ ನೋಡಿದರೆ 83.6, ಸುತ್ತಳತೆ 97. ಮೆಟ್ಟಿಲು ಹತ್ತುವಾಗ ಏದುಸಿರು ಬರುವುದು ನಿಂತಿತ್ತು, ನಿದ್ದೆ ಚೆನ್ನಾಗಿ ಬರುತ್ತಿತ್ತು. ಹೊಟ್ಟೆ ಮಾತ್ರ ಇದ್ದಲ್ಲೇ ಇತ್ತು. ಬೆಲ್ಟನ್ನು ಅದೇ ತೂತಿಗೆ ಸಿಕ್ಕಿಸುವಾಗ ಪ್ರತಿ ಬೆಳಿಗ್ಗೆ ಮನಸ್ಸು ಕುಗ್ಗುತ್ತಿತ್ತು.

ನಡಿಗೆಯನ್ನು ಬಿಟ್ಟುಬಿಡುವ ಮೊದಲು ಒಂದು ಭಾನುವಾರ ಕಾಗದ ಹಿಡಿದು ಕುಳಿತೆ. ನನ್ನ ಶ್ರಮದ ಬೆಲೆ ಎಷ್ಟು ಎಂದು ಆವರೆಗೆ ಲೆಕ್ಕ ಹಾಕಿಯೇ ಇರಲಿಲ್ಲ. ಟ್ರೆಡ್‌ಮಿಲ್ ಪರದೆ ಪ್ರತಿ ಸಲವೂ 350 ಕ್ಯಾಲರಿ ಎಂದು ತೋರಿಸುತ್ತಿತ್ತು, ನಾನು ಅದನ್ನೇ ನಂಬಿದ್ದೆ. ಆ ಅಂಕಿಯಲ್ಲಿ ಎರಡು ದೋಷಗಳಿದ್ದವು. ಮೊದಲನೆಯದು, ಆ ಮುಕ್ಕಾಲು ಗಂಟೆ ಸುಮ್ಮನೆ ಕುಳಿತಿದ್ದರೂ ದೇಹ ಖರ್ಚು ಮಾಡುತ್ತಿದ್ದ ಶಕ್ತಿಯನ್ನೂ ಯಂತ್ರ ಸೇರಿಸಿ ಹೇಳುತ್ತದೆ. ಎರಡನೆಯದು, ನಾನು ಹಿಡಿಕೆಗೆ ಕೈ ಊರಿ ನಡೆಯುತ್ತಿದ್ದೆ. ಹಾಗೆ ಮಾಡಿದಾಗ ಭಾರದ ಒಂದು ಪಾಲು ಹಿಡಿಕೆಯ ಮೇಲೆ ಬೀಳುತ್ತದೆ, ನಿಜವಾದ ಖರ್ಚು ಇಳಿಯುತ್ತದೆ. ಪರದೆಯ ಅಂಕಿ ಮಾತ್ರ ಇಳಿಯುವುದಿಲ್ಲ.

ಸಮತಟ್ಟು ನೆಲದಲ್ಲಿ ನಡೆದರೆ ಕುಳಿತಿರುವುದಕ್ಕಿಂತ ಹೆಚ್ಚಾಗಿ ಖರ್ಚಾಗುವುದು, ಸುಮಾರು ಲೆಕ್ಕದಲ್ಲಿ, ದೇಹದ ತೂಕದ ಪ್ರತಿ ಕಿಲೋಗೆ ಪ್ರತಿ ಕಿಲೋಮೀಟರಿಗೆ ಅರ್ಧ ಕ್ಯಾಲರಿಗಿಂತ ತುಸು ಜಾಸ್ತಿ. ಓಡಿದರೆ ಅದು ಒಂದರ ಹತ್ತಿರ ಬರುತ್ತದೆ. ನಾನು ಮುಕ್ಕಾಲು ಗಂಟೆಯಲ್ಲಿ 4.5 ಕಿಲೋಮೀಟರ್ ನಡೆಯುತ್ತಿದ್ದೆ. 84 ಕಿಲೋ ತೂಕಕ್ಕೆ ಅದು ಸುಮಾರು 210 ಕ್ಯಾಲರಿ. ವಾರಕ್ಕೆ 1,050. ಒಂದು ಕಿಲೋ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲರಿ ಕೂಡಿಟ್ಟಿರುತ್ತದೆ. ಅಂದರೆ ಒಂದು ಕಿಲೋ ಕರಗಿಸಲು ಏಳು ವಾರಕ್ಕಿಂತ ಹೆಚ್ಚು ಬೇಕು, ಅದೂ ತಿನ್ನುವುದರಲ್ಲಿ ಒಂದು ತುತ್ತೂ ಹೆಚ್ಚಾಗದಿದ್ದರೆ. ಇಪ್ಪತ್ತು ವಾರಕ್ಕೆ ಕಾಗದದ ಮೇಲೆ 2.7 ಕಿಲೋ ಇಳಿಯಬೇಕಿತ್ತು. ಇಳಿದದ್ದು 0.6.

ಉಳಿದ 2.1 ಕಿಲೋ ಎಲ್ಲಿ ಹೋಯಿತು? ಈ ಪ್ರಶ್ನೆಯನ್ನು ನಾನು ಬಹಳ ದಿನ ತಪ್ಪಾಗಿ ಕೇಳುತ್ತಿದ್ದೆ. ನನ್ನ ದೇಹದಲ್ಲೇ ಏನೋ ದೋಷವಿದೆ, ಜೀರ್ಣಶಕ್ತಿ ನಿಧಾನ ಎಂದೆಲ್ಲ ಅಂದುಕೊಂಡಿದ್ದೆ. ಭಾಗಿಸಿ ನೋಡಿದಾಗ ಕಂಡ ಅಂಕಿ ತೀರ ಚಿಕ್ಕದು: ದಿನಕ್ಕೆ ಸರಾಸರಿ 115 ಕ್ಯಾಲರಿ. ನಡೆದು ಬಂದ ಮೇಲೆ ನಾನು ಒಂದು ಲೋಟ ಹಾಲಿಗೆ ಎರಡು ಚಮಚ ಸಕ್ಕರೆ ಹಾಕಿ ಕುಡಿಯುತ್ತಿದ್ದೆ. ನಡಿಗೆ ಆರಂಭಿಸುವ ಮೊದಲು ಆ ಅಭ್ಯಾಸ ಇರಲಿಲ್ಲ. ಆ ಲೋಟದಲ್ಲಿ ಸುಮಾರು 165 ಕ್ಯಾಲರಿ, ವಾರಕ್ಕೆ ಐದು ಸಲ. ಇಡೀ ವಾರಕ್ಕೆ ಹರಡಿದರೆ ದಿನಕ್ಕೆ 118. ಅಂದಾಜಿನ ಅಂಕಿಗಳು ಇಷ್ಟು ಹತ್ತಿರ ಬಂದದ್ದು ಕಾಕತಾಳೀಯವೂ ಇರಬಹುದು. ಆದರೆ ಐದು ತಿಂಗಳ ಬೆವರನ್ನು ಒಂದು ಲೋಟ ಹಾಲು ನುಂಗಿಹಾಕಬಲ್ಲದು ಎಂಬುದು ಮನಸ್ಸಿಗೆ ನಾಟಿತು.

ಇನ್ನೊಂದು ಸೋರಿಕೆ ಮೊಬೈಲಿನ ಹೆಜ್ಜೆ ಎಣಿಕೆಯಲ್ಲಿ ಸಿಕ್ಕಿತು. ನಡಿಗೆಯ ಹೆಜ್ಜೆಗಳನ್ನು ಕಳೆದು ನೋಡಿದರೆ, ನಡೆಯದ ದಿನಗಳಲ್ಲಿ ನಾನು ಸುಮಾರು 6,500 ಹೆಜ್ಜೆ ಓಡಾಡುತ್ತಿದ್ದೆ, ನಡೆದ ದಿನಗಳಲ್ಲಿ 4,800. ಬೆಳಿಗ್ಗೆ ದಣಿದವನು ದಿನವಿಡೀ ಗೊತ್ತಿಲ್ಲದೆ ಹೆಚ್ಚು ಕುಳಿತಿರುತ್ತಿದ್ದೆ, ಲಿಫ್ಟ್ ಹತ್ತುತ್ತಿದ್ದೆ. ದೇಹ ತನ್ನ ಖರ್ಚನ್ನು ಸರಿದೂಗಿಸಿಕೊಳ್ಳುವ ಈ ಗುಣವನ್ನು ಸಂಶೋಧಕರೂ ಕಂಡಿದ್ದಾರೆ. ತಾಂಜಾನಿಯಾದ ಹಾಡ್ಜಾ ಬೇಟೆಗಾರರು ನಗರವಾಸಿಗಳಿಗಿಂತ ಎಷ್ಟೋ ಹೆಚ್ಚು ನಡೆಯುತ್ತಾರೆ. ಆದರೂ ದೇಹದ ಗಾತ್ರವನ್ನು ಗಣನೆಗೆ ತೆಗೆದುಕೊಂಡರೆ ಅವರ ದಿನದ ಒಟ್ಟು ಶಕ್ತಿಯ ಖರ್ಚು ನಗರವಾಸಿಗಳದಕ್ಕಿಂತ ಬೇರೆಯಾಗಿಲ್ಲ ಎಂದು 2012ರಲ್ಲಿ ಪ್ರಕಟವಾದ ಅಳತೆಗಳು ತೋರಿಸಿದವು.

ಹಾಗೆಂದು ವ್ಯಾಯಾಮದಿಂದ ಕೊಬ್ಬು ಕರಗುವುದೇ ಇಲ್ಲ ಎಂದರೆ ಅದು ಸುಳ್ಳು. 2013ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ಜನರು ಮೇಲ್ವಿಚಾರಣೆಯಲ್ಲಿ, ವಾರಕ್ಕೆ ಐದು ದಿನ, ಪ್ರತಿ ಸಲ 400 ಅಥವಾ 600 ಕ್ಯಾಲರಿ ಖರ್ಚಾಗುವಷ್ಟು ವ್ಯಾಯಾಮ ಮಾಡಿದರು. ಹತ್ತು ತಿಂಗಳಲ್ಲಿ ಸರಾಸರಿ ಸುಮಾರು 4 ಮತ್ತು 5 ಕಿಲೋ ಇಳಿಯಿತು. ಫಲ ಬಂತು, ಆದರೆ ಅದಕ್ಕೆ ತೆತ್ತ ಶ್ರಮವನ್ನು ನೋಡಿ. ಅವರಲ್ಲಿ ಕಡಿಮೆ ಮಾಡಿದವರೂ ನನ್ನ ನಡಿಗೆಗಿಂತ ಬಹಳ ಹೆಚ್ಚು ಖರ್ಚು ಮಾಡುತ್ತಿದ್ದರು.

ಆಮೇಲೆ ತಟ್ಟೆಯ ಕಡೆ ತಿರುಗಿದೆ. ನನ್ನ ಊಟ ದಿನಕ್ಕೆ 2,000 ಕ್ಯಾಲರಿ ಮೀರುವುದಿಲ್ಲ ಎಂದು ಪ್ರಾಮಾಣಿಕವಾಗಿ ನಂಬಿದ್ದೆ. ಅಡುಗೆಮನೆಗೆ ಒಂದು ಪುಟ್ಟ ಡಿಜಿಟಲ್ ತಕ್ಕಡಿ ತಂದು, ಹದಿನಾಲ್ಕು ದಿನ ಏನನ್ನೂ ಬದಲಿಸದೆ, ತಿಂದದ್ದನ್ನೆಲ್ಲ ತೂಗಿ ಬರೆದಿಟ್ಟೆ. ಬದಲಿಸದೆ ಎಂಬುದು ಇಲ್ಲಿ ಬಹಳ ಮುಖ್ಯ. ಬರೆಯಲು ಶುರು ಮಾಡಿದ ದಿನವೇ ಕಡಿಮೆ ತಿಂದರೆ ನಿಜವಾದ ಅಭ್ಯಾಸ ಎಂದೂ ಗೊತ್ತಾಗುವುದಿಲ್ಲ. ಮೊದಲ ಮೂರು ದಿನ ನಾನೂ ಆ ತಪ್ಪು ಮಾಡಿ, ಅವನ್ನು ಹರಿದು ಹಾಕಿ ಮತ್ತೆ ಆರಂಭಿಸಿದೆ. ಸರಾಸರಿ 2,550 ಬಂತು. ನಾಚಿಕೆಯಾಯಿತು, ಆದರೆ ಇದು ನನ್ನೊಬ್ಬನ ಕಥೆಯಲ್ಲ. ಎಷ್ಟು ಕಡಿಮೆ ತಿಂದರೂ ತೂಕ ಇಳಿಯುವುದಿಲ್ಲ ಎನ್ನುತ್ತಿದ್ದ ಒಂದು ಚಿಕ್ಕ ಗುಂಪನ್ನು ಅಳೆದು ನೋಡಿದ 1992ರ ಅಧ್ಯಯನದಲ್ಲಿ, ಅವರು ತಾವು ತಿಂದದ್ದನ್ನು ಸರಾಸರಿ 47 ಶೇಕಡಾ ಕಡಿಮೆ ಹೇಳಿದ್ದರು, ಮಾಡಿದ ಚಟುವಟಿಕೆಯನ್ನು 51 ಶೇಕಡಾ ಹೆಚ್ಚು ಹೇಳಿದ್ದರು. ಅವರು ಬೇಕೆಂದೇ ಸುಳ್ಳು ಹೇಳಿದರು ಎಂದು ನನಗೆ ಅನ್ನಿಸುವುದಿಲ್ಲ. ಕಣ್ಣಳತೆ ಅಷ್ಟು ಮೋಸ ಮಾಡುತ್ತದೆ.

ನನ್ನ ಕಣ್ಣಳತೆ ಅತಿ ಹೆಚ್ಚು ಸೋತದ್ದು ಎಣ್ಣೆಯಲ್ಲಿ. ಎಲ್ಲರಿಗೂ ಒಟ್ಟಿಗೆ ಮಾಡಿದ ಅಡುಗೆಯಲ್ಲಿ ನನ್ನ ಪಾಲಿನ ಎಣ್ಣೆಯನ್ನು ಹೇಗೆ ಅಳೆಯುವುದು? ನಾನು ಕಂಡುಕೊಂಡ ದಾರಿ ಸರಳ. ಸೋಮವಾರ ಬೆಳಿಗ್ಗೆ ಎಣ್ಣೆಯ ಬಾಟಲಿಯನ್ನು ತೂಗಿದೆ, ಮುಂದಿನ ಸೋಮವಾರ ಮತ್ತೆ ತೂಗಿದೆ. ನಡುವೆ ತುಂಬಿಸಿದ್ದನ್ನು ಕೂಡಿಸಿದೆ, ಕರಿದು ಉಳಿದು ಚೆಲ್ಲಿದ್ದನ್ನು ಕಳೆದೆ. ವಾರಕ್ಕೆ 880 ಗ್ರಾಂ ಖರ್ಚಾಗಿತ್ತು. ನಾವು ಮೂವರು, ಎಲ್ಲರೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಉಣ್ಣುವವರು. ಒಬ್ಬೊಬ್ಬರಿಗೆ ದಿನಕ್ಕೆ 42 ಗ್ರಾಂ. ಗ್ರಾಂಗೆ 9 ಕ್ಯಾಲರಿಯಂತೆ ಸುಮಾರು 380. ನನ್ನ ನಡಿಗೆಯ 210ರ ಪಕ್ಕದಲ್ಲಿ ಆ ಅಂಕಿಯನ್ನು ಬರೆದು ಬಹಳ ಹೊತ್ತು ನೋಡುತ್ತಾ ಕುಳಿತೆ. ಎಣ್ಣೆಗೆ ತಟ್ಟೆಯಲ್ಲಿ ಗಾತ್ರವೇ ಇಲ್ಲ, ಹೊಟ್ಟೆ ತುಂಬಿಸುವ ಶಕ್ತಿಯೂ ಹೆಚ್ಚಿಲ್ಲ. ಅದಕ್ಕೇ ಅದು ಲೆಕ್ಕಕ್ಕೆ ಸಿಕ್ಕುವುದಿಲ್ಲ.

ಮಾಡಿದ ಬದಲಾವಣೆ ನಾಲ್ಕೇ. ಬಾಟಲಿಯಿಂದ ನೇರವಾಗಿ ಸುರಿಯುವುದನ್ನು ನಿಲ್ಲಿಸಿ ಚಮಚದಲ್ಲಿ ಅಳೆದು ಹಾಕತೊಡಗಿದೆವು, ಎಣ್ಣೆ 24 ಗ್ರಾಂಗೆ ಇಳಿಯಿತು. ನಡಿಗೆಯ ನಂತರದ ಹಾಲನ್ನು ಬಿಟ್ಟು ನೀರು ಕುಡಿದೆ. ನಾಲ್ಕು ಲೋಟ ಚಹಾಗೆ ಎರಡು ಚಮಚದ ಬದಲು ಒಂದು ಚಮಚ ಸಕ್ಕರೆ. ಸಂಜೆಯ ಕರಿದ ತಿಂಡಿಯ ಜಾಗಕ್ಕೆ ಒಂದು ಹಣ್ಣು ಬಂತು. ಒಟ್ಟು ಸೇರಿ ದಿನಕ್ಕೆ ಸುಮಾರು 500 ಕ್ಯಾಲರಿ ಉಳಿಯಿತು. ಊಟದ ಮುಖ್ಯ ಭಾಗವನ್ನು ಮುಟ್ಟಲಿಲ್ಲ. ಬೇಳೆಕಾಳು, ಮೊಟ್ಟೆ, ಮೊಸರಿನ ಪಾಲನ್ನು ತಗ್ಗಿಸದಂತೆ ನೋಡಿಕೊಂಡೆ, ಏಕೆಂದರೆ ಕಡಿಮೆ ತಿನ್ನುವಾಗ ಪ್ರೋಟೀನ್ ಸಾಲದಿದ್ದರೆ ಕೊಬ್ಬಿನ ಜೊತೆ ಸ್ನಾಯುವೂ ಹೆಚ್ಚು ಕರಗುತ್ತದೆ. ಇದೇ 500 ಕ್ಯಾಲರಿಯನ್ನು ನಡೆದೇ ಕಳೆಯಬೇಕೆಂದಿದ್ದರೆ, ವಾರದ ಏಳೂ ದಿನ, ದಿನಕ್ಕೆ ಹತ್ತೂವರೆ ಕಿಲೋಮೀಟರಿಗೂ ಹೆಚ್ಚು, ಅಂದರೆ ಒಂದೂಮುಕ್ಕಾಲು ಗಂಟೆ ಹೆಚ್ಚುವರಿಯಾಗಿ ನಡೆಯಬೇಕಿತ್ತು. ಕೆಲಸಕ್ಕೆ ಹೋಗುವವನಿಗೆ ಅದು ಆಗದ ಮಾತು.

ಪ್ರತಿ ಬೆಳಿಗ್ಗೆ ಶೌಚದ ನಂತರ, ಏನನ್ನೂ ಕುಡಿಯುವ ಮೊದಲು ತೂಕ ನೋಡಿ, ವಾರದ ಸರಾಸರಿಯನ್ನು ಮಾತ್ರ ಲೆಕ್ಕಕ್ಕೆ ಹಿಡಿದೆ. ಹಿಂದಿನ ರಾತ್ರಿ ಉಪ್ಪು ಹೆಚ್ಚಾದರೂ ಒಂದು ದಿನದ ತೂಕ ಒಂದು ಕಿಲೋ ಏರಿಬಿಡುತ್ತದೆ, ಅದು ನೀರು. ಮೊದಲ ಹತ್ತು ದಿನದಲ್ಲಿ ಸುಮಾರು ಒಂದು ಕಿಲೋ ಇಳಿದಾಗ ಹಿಗ್ಗಲಿಲ್ಲ, ಅದರಲ್ಲೂ ಒಂದು ಪಾಲು ನೀರೇ. ಐದನೇ ವಾರ ಭಾರ ಎತ್ತುವ ವ್ಯಾಯಾಮವನ್ನು ಸೇರಿಸಿಕೊಂಡೆ. ಆಗ ಎರಡು ವಾರ ಸರಾಸರಿ ತೂಕ ಅಲುಗಾಡಲೇ ಇಲ್ಲ. ಹಳೆಯ ನಾನಾಗಿದ್ದರೆ ಊಟವನ್ನು ಇನ್ನಷ್ಟು ಕಡಿಯುತ್ತಿದ್ದೆ. ಆದರೆ ಅದೇ ಎರಡು ವಾರದಲ್ಲಿ ಸುತ್ತಳತೆ ಒಂದು ಸೆಂಟಿಮೀಟರ್ ಇಳಿದಿತ್ತು. ಹೊಸ ವ್ಯಾಯಾಮದಿಂದ ನೊಂದ ಸ್ನಾಯುಗಳು ನೀರು ಹಿಡಿದುಕೊಳ್ಳುತ್ತವೆ, ಕೊಬ್ಬು ಕರಗುವುದನ್ನು ಅದು ತಕ್ಕಡಿಯಿಂದ ಮರೆಮಾಡುತ್ತದೆ. ತೂಕವೂ ಸುತ್ತಳತೆಯೂ ಮೂರು ನಾಲ್ಕು ವಾರ ನಿಂತೇ ಬಿಟ್ಟರೆ ಮಾತ್ರ, ಅಳತೆ ಎಲ್ಲೋ ಸಡಿಲವಾಗಿದೆ ಎಂದು ತಿಳಿದು ಮತ್ತೆ ತೂಗಲು ಕೂರಬೇಕು.

ಹನ್ನೆರಡು ವಾರಕ್ಕೆ ತೂಕ 77.9, ಸುತ್ತಳತೆ 91. ಸುಮಾರು ನಾಲ್ಕು ಕಿಲೋ ಇಳಿದಾಗ ಬೆಲ್ಟಿನಲ್ಲಿ ವ್ಯತ್ಯಾಸ ನನಗೆ ಕಂಡಿತ್ತು. ಉಳಿದವರು ಕೇಳತೊಡಗಿದ್ದು ಕೊನೆಯ ವಾರಗಳಲ್ಲಿ. ನಡಿಗೆ ಈ ಅವಧಿಯಲ್ಲೂ ನಿಂತಿರಲಿಲ್ಲ, ಅದರ ಪಾಲು ದಿನಕ್ಕೆ ಸರಾಸರಿ 150 ಕ್ಯಾಲರಿ. ತಟ್ಟೆಯ ಪಾಲು 500. ಹಾಗಾಗಿ ನನ್ನ ಮಟ್ಟಿಗೆ ಮುಕ್ಕಾಲು ಭಾಗಕ್ಕಿಂತ ತುಸು ಹೆಚ್ಚು ಊಟದಿಂದ ಬಂದ ಫಲ. ಎಲ್ಲರಿಗೂ ಇದೇ ಪ್ರಮಾಣ ಎಂದು ನಾನು ಹೇಳಲಾರೆ. ದಿನವಿಡೀ ಮೈಮುರಿದು ದುಡಿಯುವವರ ಲೆಕ್ಕ ಬೇರೆ, ಈಗಾಗಲೇ ಮಿತವಾಗಿ ತಿನ್ನುವವರ ಲೆಕ್ಕವೂ ಬೇರೆ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಊಟ ಕಡಿಮೆ ಮಾಡಬಾರದು.

ನಡಿಗೆಯನ್ನು ಆಗ ಬಿಟ್ಟುಬಿಡಲಿಲ್ಲವಲ್ಲ ಎಂಬ ಸಮಾಧಾನ ಈಗಲೂ ಇದೆ. ತೂಕ ಇಳಿಯದಿದ್ದರೂ ವ್ಯಾಯಾಮದಿಂದ ಹೊಟ್ಟೆಯೊಳಗಿನ ಅಂಗಗಳ ಸುತ್ತಲಿನ ಕೊಬ್ಬು ಕಡಿಮೆಯಾಗಬಹುದು, ಅದು ಕನ್ನಡಿಯಲ್ಲಿ ಕಾಣುವುದಿಲ್ಲ. ಇಳಿದ ತೂಕವನ್ನು ಉಳಿಸಿಕೊಳ್ಳುವಾಗಲಂತೂ ಅದು ಬಹಳ ನೆರವಾಗುತ್ತದೆ. 78 ಕಿಲೋ ದೇಹ 84 ಕಿಲೋ ದೇಹಕ್ಕಿಂತ ಕಡಿಮೆ ಖರ್ಚು ಮಾಡುತ್ತದೆ, ಅದೇ 4.5 ಕಿಲೋಮೀಟರಿಗೆ ಈಗ ನನಗೆ ಸಿಗುವುದು 195 ಕ್ಯಾಲರಿಯಷ್ಟೇ. ಆ ಕೊರತೆಯನ್ನು ತುಂಬಲು ನಡಿಗೆಯನ್ನು ವಾರಕ್ಕೆ ಆರು ದಿನ ಮಾಡಿಕೊಂಡಿದ್ದೇನೆ. ಊಟವನ್ನು ದಿನವೂ ತೂಗುವುದಿಲ್ಲ. ಎಣ್ಣೆಯ ಬಾಟಲಿಯನ್ನು ಮಾತ್ರ ಪ್ರತಿ ತಿಂಗಳ ಮೊದಲ ಸೋಮವಾರ ತಕ್ಕಡಿಯ ಮೇಲೆ ಇಡುತ್ತೇನೆ, ಮುಂದಿನ ಸೋಮವಾರ ಮತ್ತೊಮ್ಮೆ. ಕಳೆದ ತಿಂಗಳು ನನ್ನ ಪಾಲು ಮತ್ತೆ 31 ಗ್ರಾಂ ಆಗಿತ್ತು. ಒಗ್ಗರಣೆಗೆ ಅಳತೆಯ ಚಮಚ ಕೈಬಿಟ್ಟಿದ್ದೆವು. ಅದನ್ನು ಹುಡುಕಿ ತೆಗೆದು ಬಾಟಲಿಯ ಕುತ್ತಿಗೆಗೆ ದಾರದಲ್ಲಿ ಕಟ್ಟಿದ್ದೇನೆ.