ಅರ್ಧ ಡಿಗ್ರಿ ತಪ್ಪಿದ ನನ್ನ ಲೆಕ್ಕ

ಹವಳದ ದಿಬ್ಬದಲ್ಲಿ ನೀರು ಎಷ್ಟು ಬಿಸಿಯಾಗಿದೆ ಎಂದು ಅಳೆಯುವುದು ನನ್ನ ಕೆಲಸದ ಒಂದು ಭಾಗ. ನಾಲ್ಕು ಮೀಟರ್ ಆಳದಲ್ಲಿ ಲಾಗರ್ ಕಟ್ಟಿರುತ್ತೇವೆ. ಬೆರಳುದ್ದದ ಸಾಧನ ಅದು, ಅರ್ಧ ಗಂಟೆಗೊಮ್ಮೆ ಉಷ್ಣತೆ ಬರೆದುಕೊಳ್ಳುತ್ತದೆ. ಮೊದಲ ವರ್ಷ ಅದನ್ನು ಬಿಸಿಲು ಬೀಳುವ ಕಡೆ ಕಟ್ಟಿ ಪೆಟ್ಟು ತಿಂದಿದ್ದೆ. ಲಾಗರಿನ ಕವಚವೇ ಕಾದು ಮಧ್ಯಾಹ್ನ ಹೊತ್ತು ಜಾಸ್ತಿ ತೋರಿಸುತ್ತಿತ್ತು. ಆಮೇಲೆ ಬಂಡೆಯ ನೆರಳಿನ ಮಗ್ಗುಲಿಗೆ ಸರಿಸಿದೆ.

ಆದರೆ ದೊಡ್ಡ ತಪ್ಪು ಆಗಿದ್ದು ನೀರಿನಲ್ಲಲ್ಲ, ಮೇಜಿನ ಮೇಲೆ.

'ಒಂದು ಡಿಗ್ರಿ ಏರಿದರೆ ಏನಾಯ್ತು, ಹಗಲು ರಾತ್ರಿಗೇ ಅಷ್ಟು ವ್ಯತ್ಯಾಸ ಇರುತ್ತಲ್ವಾ?' ಎಂದು ತುಂಬ ಜನ ಕೇಳುತ್ತಾರೆ. ಆ ಒಂದು ಡಿಗ್ರಿಯನ್ನು ಎಲ್ಲಿಂದ ಎಣಿಸುತ್ತೇವೆ ಎಂಬುದರಲ್ಲೇ ಉತ್ತರ ಇದೆ. ಅದು ಇಡೀ ವರ್ಷದ ಸರಾಸರಿಯ ಮೇಲಿನ ಏರಿಕೆ ಅಲ್ಲ. ಆ ಜಾಗದ ಅತಿ ಬಿಸಿ ತಿಂಗಳ ಸರಾಸರಿಯ ಮೇಲಿನದು. ತಂಪು ತಿಂಗಳಲ್ಲಿ ನೀರು ಎರಡು ಡಿಗ್ರಿ ಏರಿದರೂ ಹವಳ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಬೇಸಿಗೆಯ ತುದಿಯಲ್ಲಿ ಅದು ಆಗಲೇ ತನ್ನ ಮಿತಿಯ ಹತ್ತಿರ ಬದುಕುತ್ತಿರುತ್ತದೆ. ಅದರ ಮೇಲೆ ಒಂದು ಡಿಗ್ರಿ, ಅದೂ ವಾರಗಟ್ಟಲೆ ನಿಂತರೆ ಕಷ್ಟ.

ಈ ನಿಂತ ಬಿಸಿಯನ್ನು ಅಳೆಯಲು ಅಮೆರಿಕದ ನೋವಾ ಸಂಸ್ಥೆಯ ಕೋರಲ್ ರೀಫ್ ವಾಚ್ ಬಳಸುವ ಲೆಕ್ಕ 'ಡಿಗ್ರಿ ಹೀಟಿಂಗ್ ವೀಕ್'. ಬಿಸಿ ತಿಂಗಳ ಸರಾಸರಿಗಿಂತ ಒಂದು ಡಿಗ್ರಿ ಅಥವಾ ಹೆಚ್ಚು ಏರಿದ ದಿನಗಳನ್ನಷ್ಟೇ ತೆಗೆದುಕೊಂಡು, ಹಿಂದಿನ 12 ವಾರಗಳ ಏರಿಕೆಯನ್ನು ಕೂಡಿ, ವಾರದ ಲೆಕ್ಕಕ್ಕೆ ತರಲು 7ರಿಂದ ಭಾಗಿಸುವುದು. ಮೊತ್ತ 4 ಮುಟ್ಟಿದರೆ ಗಣನೀಯ ಬಿಳಿಚುವಿಕೆ, 8 ಮುಟ್ಟಿದರೆ ತೀವ್ರ ಬಿಳಿಚುವಿಕೆ ಮತ್ತು ಸಾವು ನಿರೀಕ್ಷಿಸಬೇಕು. ಅವರು ದಿನದಿನ ಮಾಡುವುದನ್ನು ನಾನು ಸುಲಭಕ್ಕೆ ವಾರದ ಸರಾಸರಿಯಲ್ಲಿ ಮಾಡುತ್ತೇನೆ.

ಆ ಬೇಸಿಗೆಯ ಏಳು ವಾರಗಳು ಹೀಗಿದ್ದವು: 30.1, 30.4, 30.7, 30.8, 30.6, 30.5, 30.2. ಬಿಸಿ ತಿಂಗಳ ಸರಾಸರಿ 29.9 ಎಂದು ಹಿಡಿದಿದ್ದೆ. ಹಾಗಾದರೆ ಗಡಿ 30.9. ಒಂದು ವಾರವೂ ಗಡಿ ದಾಟಲಿಲ್ಲ. ಮೊತ್ತ ಸೊನ್ನೆ. ನಿಶ್ಚಿಂತೆಯಾಗಿ ಕೂತೆ.

ಆರನೇ ವಾರ ಸುಮ್ನೆ ಲಾಗರ್ ಬದಲಿಸಲು ಇಳಿದವನಿಗೆ ಕವಲೊಡೆದ ಅಕ್ರೊಪೊರಾ ಹವಳಗಳು ಹಾಲಿನಂತೆ ಬಿಳಿಯಾಗಿ ಕಂಡವು. ಕೆಲವು ತಿಳಿ ನೇರಳೆಯಾಗಿ ಹೊಳೆಯುತ್ತಿದ್ದವು. ನೋಡಲು ಚೆಂದ, ಆದರೆ ಅದೂ ಸಂಕಟದ ಬಣ್ಣವೇ. ಕೊಂಬೆಗಳ ಕೆಳಮೈ, ನೆರಳಿದ್ದ ಕಡೆ, ಇನ್ನೂ ಕಂದಾಗಿತ್ತು.

ಆ ಕಂದು ಬಣ್ಣ ಹವಳದ್ದಲ್ಲ, ಅದರ ಮೈಯೊಳಗೆ ವಾಸಿಸುವ ಸೂಕ್ಷ್ಮ ಪಾಚಿಯದು. ಹವಳದ ಊಟದ ಬಹುಪಾಲು ಬರುವುದು ಅದರಿಂದಲೇ. ನೀರು ಮಿತಿ ಮೀರಿ ಕಾದಾಗ ಪಾಚಿ ಬಿಸಿಲನ್ನು ಸರಿಯಾಗಿ ಬಳಸಲಾಗದೆ, ಜೀವಕೋಶಕ್ಕೆ ಹಾನಿ ಮಾಡುವ ಆಮ್ಲಜನಕದ ರೂಪಗಳನ್ನು ಉಗುಳತೊಡಗುತ್ತದೆ. ಹವಳ ಆ ಪಾಚಿಯನ್ನೇ ಕಳೆದುಕೊಳ್ಳುತ್ತದೆ. ಉಳಿದ ಪಾರದರ್ಶಕ ಮೈಯೊಳಗಿಂದ ಸುಣ್ಣದ ಎಲುಬು ಬೆಳ್ಳಗೆ ಕಾಣುತ್ತದೆ. ಬಿಸಿಯ ಜೊತೆ ಬೆಳಕೂ ಸೇರಬೇಕು. ಅದಕ್ಕೇ ನೆರಳಿನ ಮಗ್ಗುಲು ಉಳಿದದ್ದು.

ಸೊನ್ನೆ ಬಂದದ್ದು ಹೇಗೆ? 29.9 ಎಂಬುದು ನನ್ನದೇ ಲಾಗರುಗಳ ಐದು ವರ್ಷದ ಸರಾಸರಿ. ಆ ಐದು ವರ್ಷಗಳೇ ಬಿಸಿ ವರ್ಷಗಳು. ಜ್ವರ ಬಂದ ಮೈಯನ್ನೇ ಸಹಜ ಎಂದುಕೊಂಡಿದ್ದೆ! ಕೋರಲ್ ರೀಫ್ ವಾಚ್ ಇದಕ್ಕೆ 1985ರಿಂದ 2012ರವರೆಗಿನ ಉಪಗ್ರಹ ಮಾಹಿತಿಯನ್ನು ಆಧಾರವಾಗಿ ಇಟ್ಟುಕೊಳ್ಳುತ್ತದೆ. ಅದರ ಪ್ರಕಾರ ಆ ಜಾಗದ ಅಂಕಿ 29.3, ಗಡಿ 30.3. ಮತ್ತೆ ಕೂಡಿದೆ. ಮೊದಲ ವಾರ 0.8 ಮಾತ್ರ, ಲೆಕ್ಕಕ್ಕಿಲ್ಲ. ನಂತರ 1.1, 1.4, 1.5. ನಾಲ್ಕನೇ ವಾರದ ಕೊನೆಗೇ ಮೊತ್ತ 4 ಆಗಿತ್ತು. ಇನ್ನೂ 1.3 ಮತ್ತು 1.2 ಸೇರಿ ಆರನೇ ವಾರಕ್ಕೆ 6.5. ಬರೀ 0.6 ಡಿಗ್ರಿಯ ತಪ್ಪು, ಎಚ್ಚರಿಕೆಯೇ ಮಾಯ.

ಉಪಗ್ರಹದ ಆಧಾರವನ್ನು ಲಾಗರಿಗೆ ಹಾಗೇ ಹಚ್ಚುವಂತೆಯೂ ಇಲ್ಲ. ಅದು ಐದು ಕಿಲೋಮೀಟರ್ ಅಗಲದ ಚೌಕದ ಮೇಲ್ಮೈ ನೋಡುತ್ತದೆ, ನನ್ನದು ಒಂದೇ ಬಂಡೆಯ ಬುಡ. ಈಗ ಬಿಸಿ ಶುರುವಾಗುವ ಮೊದಲೇ ಎರಡನ್ನೂ ಕೆಲವು ವಾರ ಹೋಲಿಸಿ, ಆ ಅಂತರವನ್ನು ಲೆಕ್ಕದಿಂದ ಕಳೆದೇ ಕೂಡಲು ಕೂರುತ್ತೇನೆ.

ಏಳನೇ ವಾರ ನೀರು ತಣ್ಣಗಾದರೂ ಮೊತ್ತ 6.5ರಲ್ಲೇ ನಿಂತಿತು, ಹಳೆಯ ವಾರಗಳು 12 ವಾರದ ಕಿಟಕಿಯಿಂದ ಆಚೆ ಜಾರುವವರೆಗೂ ಅದು ಇಳಿಯುವುದಿಲ್ಲ. ಹವಳವೂ ಅಷ್ಟೇ ನಿಧಾನ. ಬಿಳಿಯಾದದ್ದೆಲ್ಲ ಸತ್ತಿರಲಿಲ್ಲ, ಹತ್ತಿರ ಹೋಗಿ ನೋಡಿದರೆ ತೆಳುವಾದ ಮೈ, ಪುಟ್ಟ ಬಾಯಿಗಳು ಕಾಣುತ್ತಿದ್ದವು. ಮುಂದಿನ ತಿಂಗಳುಗಳಲ್ಲಿ ಗುಂಡು ಕಲ್ಲಿನಂಥ ಪೊರೈಟಿಸ್ ಹವಳಗಳಿಗೆ ಮೆಲ್ಲಗೆ ಕಂದು ಮರಳಿತು. ಕವಲಿನ ಹವಳಗಳಲ್ಲಿ ಅನೇಕವುಗಳ ಮೇಲೆ ಮಾತ್ರ ಹಸಿರು ನವಿರು ಪಾಚಿ ಹತ್ತಿತ್ತು. ಎಲುಬಿನ ಮೇಲೆ ಆ ನವಿರು ಕಂಡ ಕಡೆಯೆಲ್ಲ ಸತ್ತಿದೆ ಎಂದು ಬರೆದುಕೊಂಡು ಮುಂದೆ ಹೋದೆ.