ವಿಷಯವಷ್ಟೇ ಕೊಟ್ಟಾಗ ನಾಲ್ಕು ಅಂಕದ ಉತ್ತರ

‘ಹೊಯ್ಸಳರ ವಾಸ್ತುಶಿಲ್ಪ – ಟಿಪ್ಪಣಿ ಬರೆಯಿರಿ.’ ಇಷ್ಟೇ ಪ್ರಶ್ನೆ ಬಂದರೆ ಹಾಸನದ ಮಕ್ಕಳಿಗೆ ಸಂಭ್ರಮ. ಬೇಲೂರು, ಹಳೇಬೀಡು ಮನೆಯಂಗಳದಷ್ಟು ಪರಿಚಿತ. ಆದರೆ ಅಂಕ ಸೋರಿಹೋಗುವುದು ಇಂಥ ಕಡೆಯೇ. ಹೇಗೆ, ಏಕೆ ಎಂಬ ಪ್ರಶ್ನಾಪದವಿಲ್ಲದ್ದರಿಂದ ಉತ್ತರ ಶಾಂತಲೆಯ ನಾಟ್ಯ, ಜಕಣಾಚಾರಿಯ ದಂತಕಥೆಗಳತ್ತ ಹೊರಳಿ ಒಂದು ಪುಟ ತುಂಬುತ್ತದೆ. ಮೌಲ್ಯಮಾಪಕರಿಗೆ ಗುರುತು ಹಾಕಲು ಅಂಶಗಳೇ ಸಿಗುವುದಿಲ್ಲ.

ಮೊದಲು ಅಂಕ ನೋಡಿ. ನಾಲ್ಕು ಅಂಕವೆಂದರೆ ಒಂದಕ್ಕೊಂದು ಬೆರೆಯದ ನಾಲ್ಕು ಅಂಶಗಳಾದರೂ ಇರಬೇಕು, ಜೊತೆಗೆ ಒಂದು ಹೆಚ್ಚುವರಿ ಇದ್ದರೆ ಕ್ಷೇಮ.

ಆಮೇಲೆ ಪತ್ರಿಕೆ ಕೇಳದ ಪ್ರಶ್ನೆಗಳನ್ನು ನೀವೇ ಕೇಳಿಕೊಳ್ಳಿ. ಕಟ್ಟಡದ ವಿಷಯವಾದರೆ: ಯಾವ ಕಲ್ಲು, ಯಾವ ಆಕಾರ, ಯಾವ ಭಾಗ ವಿಶೇಷ, ಎಲ್ಲಿ ಕಾಣಬಹುದು? ಇವನ್ನು ಅಂಚಿನಲ್ಲಿ ಒಂದೊಂದು ಪದದಲ್ಲಿ ಗುರುತು ಹಾಕಿಕೊಂಡು ಬರೆಯಲು ಕುಳಿತರೆ ಉತ್ತರ ಹೀಗೆ ಬರುತ್ತದೆ:

‘ಹೊಯ್ಸಳರು ಸೂಕ್ಷ್ಮ ಕೆತ್ತನೆಗೆ ಒಗ್ಗುವ ಮೃದುವಾದ ಬಳಪದ ಕಲ್ಲನ್ನು ಬಳಸಿದರು. ದೇವಾಲಯಗಳು ಎತ್ತರದ ಜಗತಿಯ ಮೇಲಿದ್ದು, ಅನೇಕವು ನಕ್ಷತ್ರಾಕಾರದಲ್ಲಿವೆ. ಒಳಗೆ ತಿರುಗಣೆಯಲ್ಲಿ ಕಡೆದಂತಹ ನುಣುಪಾದ ಕಂಬಗಳಿವೆ. ಹೊರಗೋಡೆಯ ಬುಡದಲ್ಲಿ ಆನೆ ಮೊದಲಾದ ಪ್ರಾಣಿಗಳ ಸಾಲುಪಟ್ಟಿಕೆಗಳಿವೆ. ವಿಷ್ಣುವರ್ಧನನ ಕಾಲದ ಬೇಲೂರಿನ ಚೆನ್ನಕೇಶವ ದೇವಾಲಯ (1117), ಹಳೇಬೀಡಿನ ಹೊಯ್ಸಳೇಶ್ವರ ಮತ್ತು ಸೋಮನಾಥಪುರದ ಕೇಶವ ದೇವಾಲಯಗಳು ಇದಕ್ಕೆ ಉದಾಹರಣೆ.’

ಐದು ವಾಕ್ಯ, ಐದು ಅಂಶ. ಪೀಠಿಕೆ ಇಲ್ಲ, ಹೊಗಳಿಕೆಯೂ ಇಲ್ಲ.

ಬರೆದ ಮೇಲೆ ಒಂದು ಪರೀಕ್ಷೆ ಮಾಡಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದೇ. ಪ್ರತಿ ವಾಕ್ಯವನ್ನೂ ಹಂಪಿಯ ದೇವಾಲಯಕ್ಕೆ ಹೊಂದಿಸಿ ನೋಡಿ. ‘ಕೆತ್ತನೆ ಅತ್ಯಂತ ಸುಂದರವಾಗಿದೆ’ ಎಂಬುದು ಅಲ್ಲಿಗೂ ಹೊಂದುತ್ತದೆ, ಹಾಗಾದರೆ ಅದು ಅಂಶವಲ್ಲ. ಬಳಪದ ಕಲ್ಲು ಹೊಂದುವುದಿಲ್ಲ, ಏಕೆಂದರೆ ಹಂಪಿಯವರು ಹೆಚ್ಚಾಗಿ ಕಟ್ಟಿದ್ದು ಗಟ್ಟಿ ಗ್ರಾನೈಟಿನಲ್ಲಿ. ಆದ್ದರಿಂದ ಅದು ನಿಲ್ಲುತ್ತದೆ. ‘ಸುಂದರ ಶಿಲ್ಪ’, ‘ಅದ್ಭುತ ಕಲೆ’ ಎಂದು ಎರಡು ಸಲ ಬರೆದವರೂ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತಾರೆ.

ಅದೇ ವಿಷಯ ಎರಡು ಅಂಕಕ್ಕೆ ಬಂದರೆ ಕಲ್ಲು ಮತ್ತು ಆಕಾರ ಸಾಕು, ಉದಾಹರಣೆಗೆ ಬೇಲೂರು ಒಂದೇ. ಉತ್ತರವನ್ನು ಕುಗ್ಗಿಸುವಾಗ ಅಂಶ ಬಿಡಿ, ವಾಕ್ಯವನ್ನು ಮೊಟಕು ಮಾಡಬೇಡಿ. ‘ಬಳಪದ ಕಲ್ಲು, ಜಗತಿ’ ಎಂದಷ್ಟೇ ಪದ ಜೋಡಿಸಿದರೆ ಏನು ಹೇಳಿದಿರೆಂದು ಓದುವವರಿಗೆ ತಿಳಿಯುವುದಿಲ್ಲ.

ಪೌರನೀತಿಯಲ್ಲಿ ಕೇಳಿಕೊಳ್ಳುವ ಪ್ರಶ್ನೆಗಳಷ್ಟೇ ಬದಲಾಗುತ್ತವೆ. ವಿಷಯ ‘ಗ್ರಾಮಸಭೆ’ ಎಂದಿದ್ದರೆ: ಸದಸ್ಯರು ಯಾರು, ಏನು ಮಾಡುತ್ತದೆ, ಗ್ರಾಮ ಪಂಚಾಯಿತಿಗಿಂತ ಹೇಗೆ ಭಿನ್ನ? ‘ಜನರಿಗೆ ಒಳಿತು ಮಾಡುತ್ತದೆ’ ಎಂಬ ಮಾತು ಜಿಲ್ಲಾ ಪಂಚಾಯಿತಿಗೂ ಸಲ್ಲುತ್ತದೆ, ಅದನ್ನು ಬಿಡಿ. ‘ಪಂಚಾಯಿತಿಗೆ ಸದಸ್ಯರು ಚುನಾಯಿತರಾಗುತ್ತಾರೆ; ಗ್ರಾಮಸಭೆಗೆ ಮತದಾರರ ಪಟ್ಟಿಯಲ್ಲಿರುವ ಪ್ರತಿಯೊಬ್ಬರೂ ಸದಸ್ಯರೇ’ ಎಂಬುದು ಗ್ರಾಮಸಭೆಗೆ ಮಾತ್ರ ಸಲ್ಲುವ ಮಾತು; ಮೊದಲ ವಾಕ್ಯ ಅದೇ ಆಗಲಿ.